ಹಾಜರಾತಿ ಪಟ್ಟಿಯಲ್ಲಿ ಬದಲಿ ಹಾಜರಿ ಮತ್ತು ಹೆಚ್ಚುವರಿ ನಮೂದು: ಅನುಮೋದನೆಗೆ ಮುನ್ನ ನೋಡಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಯಲ್ಲಿ ಕೂಲಿ ಪಾವತಿಗೆ ಆಧಾರವಾಗುವುದು ಎನ್‌ಎಂಆರ್ ಎಂದು ಎಲ್ಲರೂ ಕರೆಯುವ ಹಾಜರಾತಿ ಪಟ್ಟಿ. ಆ ಪಟ್ಟಿಯಲ್ಲಿ ಬಾರದವರ ಹೆಸರು ಹೇಗೆ ಸೇರುತ್ತದೆ, ಸೇರಿದ್ದನ್ನು ಪಾವತಿಗೆ ಮುನ್ನ ಗುರುತಿಸುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ. ಬಾರದವರ ಹೆಸರಿಗೆ ಬರೆದ ಕೂಲಿ ಸರ್ಕಾರದ ಹಣ, ಅದರಿಂದ ಊರಿನವರಿಗೇನೂ ನಷ್ಟವಿಲ್ಲ ಎಂಬ ಮಾತು ಹಲವು ಸಭೆಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಏಕೆ ತಪ್ಪು ಎಂಬುದು ಒಂದು ಕೆರೆಯ ಲೆಕ್ಕವನ್ನು ಬಿಡಿಸಿದರೆ ತಿಳಿಯುತ್ತದೆ.

ಒಂದು ಪಂಚಾಯಿತಿಯಲ್ಲಿ ಕೆರೆಯ ಹೂಳೆತ್ತುವ ಕಾಮಗಾರಿ ನಡೆದಿತ್ತು. ಸೋಮವಾರದಿಂದ ಶನಿವಾರದವರೆಗೆ ಆರು ದಿನ, ಐದು ಎನ್‌ಎಂಆರ್, ಒಟ್ಟು 46 ಹೆಸರು. ಎಲ್ಲರೂ ಆರೂ ದಿನ ಬಂದಿದ್ದರೆ 276 ಮಾನವ ದಿನಗಳಾಗಬೇಕು, ಪಟ್ಟಿಯಲ್ಲಿದ್ದುದು 272. ತಾಂತ್ರಿಕ ಸಹಾಯಕ ಅಭಿಯಂತರರು ಅಳತೆ ಹಿಡಿದಾಗ 40 ಮೀಟರ್ ಉದ್ದ, 20 ಮೀಟರ್ ಅಗಲ, ಅರ್ಧ ಮೀಟರ್ ಆಳ, ಎಂದರೆ 400 ಘನ ಮೀಟರ್ ಹೂಳು ತೆಗೆದಿರುವುದು ಕಂಡಿತು. ಲೆಕ್ಕ ಸುಲಭವಾಗಲೆಂದು ಆ ಮಣ್ಣಿಗೆ ಒಂದು ಘನ ಮೀಟರಿಗೆ ₹185 ಎಂದು ಹಿಡಿಯಬಹುದು. ಒಟ್ಟು ಕೂಲಿ ₹74,000. ಅದನ್ನು 272ರಿಂದ ಭಾಗಿಸಿದರೆ ದಿನಕ್ಕೆ ₹272 ಆಗುತ್ತದೆ. ಕರ್ನಾಟಕದಲ್ಲಿ 2025-26ನೇ ಸಾಲಿನ ದಿನಗೂಲಿ ₹370. ಹೆಚ್ಚು ಕಡಿಮೆ ನೂರು ರೂಪಾಯಿ ಎಲ್ಲಿಗೆ ಹೋಯಿತು?

ಆ ವಾರ ಪಂಚಾಯಿತಿ ಕಚೇರಿಯಲ್ಲಿ ಇದಕ್ಕೆ ಸಿದ್ಧವಾಗಿದ್ದ ಉತ್ತರ ಒಂದೇ: ಕೂಲಿಕಾರರು ಸರಿಯಾಗಿ ಕೆಲಸ ಮಾಡಿಲ್ಲ, ಅಳತೆ ಕಡಿಮೆ ಬಂದಿದೆ. ಈ ಉತ್ತರ ಎಷ್ಟು ರೂಢಿಯಾಗಿದೆಯೆಂದರೆ ಯಾರೂ ಅದನ್ನು ಪರೀಕ್ಷಿಸಲು ಹೋಗುವುದಿಲ್ಲ. ಆದರೆ ಕೆರೆಯಂಗಳದಲ್ಲಿ ಗುದ್ದಲಿ ಹಿಡಿದಿದ್ದ ಹಿರಿಯ ಹೆಣ್ಣುಮಗಳೊಬ್ಬರು ಆ ವಾರ್ಡಿನ ಸದಸ್ಯೆಗೆ ಹೇಳಿದ ಮಾತು ಬೇರೆಯಾಗಿತ್ತು. "ಅಗೆದದ್ದು ನಾವು ಮೂವತ್ತು ಮೂವತ್ತೈದು ಜನ ಕಣವ್ವ. ಹಂಚಿಕೊಂಡದ್ದು ಎಷ್ಟು ಜನವೋ, ಅದನ್ನ ನೀವೇ ನೋಡಿ." ಆ ಸದಸ್ಯೆ ಮುಂದಿನ ವಾರ ಮಧ್ಯಾಹ್ನ ಹನ್ನೆರಡಕ್ಕೆ ಯಾರಿಗೂ ಹೇಳದೆ ಕೆರೆಗೆ ಹೋಗಿ ತಲೆ ಎಣಿಸಿದರು. 34 ಜನ ಇದ್ದರು. ಅಂದಿನ ಪಟ್ಟಿಯಲ್ಲಿ 46 ಹಾಜರಿ ಬಿದ್ದಿತ್ತು.

ಈಗ ಹಿಂದಿನ ವಾರದ ಲೆಕ್ಕಕ್ಕೆ ಮರಳಬೇಕು. ವಿಚಾರಣೆಯಲ್ಲಿ ಆ ವಾರವೂ ಬಂದವರು ಇದೇ 34 ಮಂದಿ ಎಂಬುದು ಖಚಿತವಾಯಿತು. ಅವರಿಗೆ ಆರು ದಿನಕ್ಕೆ 204 ದಿನಗಳು. ಅದರಲ್ಲಿ ನಾಲ್ಕು ಗೈರುಹಾಜರಿ ಕಳೆದರೆ 200. ನಾನೂರು ಘನ ಮೀಟರನ್ನು ಇನ್ನೂರರಿಂದ ಭಾಗಿಸಿದರೆ ತಲಾ ಎರಡು ಘನ ಮೀಟರ್. ಎರಡು ಘನ ಮೀಟರಿಗೆ ₹370. ಬಂದವರು ಪೂರ್ತಿ ಕೂಲಿಗೆ ತಕ್ಕಷ್ಟೇ ಕೆಲಸ ಮಾಡಿದ್ದರು, ಒಂದು ಬುಟ್ಟಿ ಮಣ್ಣೂ ಕಡಿಮೆಯಿರಲಿಲ್ಲ. ಬಾರದ ಹನ್ನೆರಡು ಮಂದಿಯ ಹೆಸರಿನಲ್ಲಿದ್ದ 72 ದಿನಗಳು ಅದೇ ₹74,000ದಲ್ಲಿ ಪಾಲು ಕೇಳಿದವು. ದಿನಕ್ಕೆ ₹98ರಂತೆ, ಆರು ದಿನ ಬಂದ ಪ್ರತಿಯೊಬ್ಬರ ಕೈಯಿಂದ ₹588 ಹೋಗುವುದರಲ್ಲಿತ್ತು. ಇಡೀ ಗುಂಪಿನಿಂದ ₹19,500ಕ್ಕೂ ಮಿಗಿಲು. ಇದು ಸರ್ಕಾರದ ಖಜಾನೆಯಿಂದಲ್ಲ, ಬಿಸಿಲಿನಲ್ಲಿ ನಿಂತವರ ಸೆರಗಿನ ಗಂಟಿನಿಂದ ಹೋಗುವ ಹಣ.

ಆದುದರಿಂದ ಸದಸ್ಯರು ಮೊದಲು ನೋಡಬೇಕಾದದ್ದು ಹಾಜರಾತಿಯನ್ನಲ್ಲ, ಹಾಜರಾತಿಯನ್ನು ಅಳತೆಯ ಪಕ್ಕದಲ್ಲಿಟ್ಟು ನೋಡಿದಾಗ ಬರುವ ತಲಾ ಪ್ರಮಾಣವನ್ನು. ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ಊರಿನ ಜನ ಮಾಡಿದ ಕೆಲಸದಲ್ಲಿ ತಲಾ ಪ್ರಮಾಣ ಒಂದು ವಾರ ಇದ್ದಕ್ಕಿದ್ದಂತೆ ಕಾಲು ಭಾಗ ಇಳಿದರೆ ಮೂರು ಕಾರಣಗಳಿರಬಹುದು. ಮಣ್ಣಿನ ಕೆಳಗೆ ಗಟ್ಟಿ ಪದರ ಅಥವಾ ಕಲ್ಲು ಸಿಕ್ಕಿರಬಹುದು. ಮಳೆ ಬಂದು ಕೆಲಸ ನಿಂತಿರಬಹುದು. ಇಲ್ಲವೇ ತಲೆಗಳು ಹೆಚ್ಚಾಗಿರಬಹುದು. ಮೊದಲೆರಡು ಕಾರಣಗಳು ಸ್ಥಳಕ್ಕೆ ಹೋದರೆ ಕಣ್ಣಿಗೆ ಬೀಳುತ್ತವೆ. ಅವು ಕಾಣದಿದ್ದರೆ ಮೂರನೆಯದನ್ನು ವಿಚಾರಿಸಬೇಕು.

ಈ ಲೆಕ್ಕ ತಿಳಿದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಕೂಲಿ ಕಡಿಮೆ ಬಂದರೆ ಗದ್ದಲವಾಗುತ್ತದೆ ಎಂದು ಅಳತೆಯನ್ನೇ ಹಿಗ್ಗಿಸುತ್ತಾರೆ. 272 ದಿನಗಳಿಗೂ ಪೂರ್ತಿ ಕೂಲಿ ಬರಬೇಕಾದರೆ 544 ಘನ ಮೀಟರ್ ತೋರಿಸಬೇಕು. ಉದ್ದ ಅಗಲ ಬದಲಿಸಿದರೆ ಯಾರಾದರೂ ಹೆಜ್ಜೆ ಹಾಕಿ ಎಣಿಸಿಯಾರು. ಆದ್ದರಿಂದ ಆಳವನ್ನು 50 ಸೆಂಟಿಮೀಟರ್ ಬದಲು 68 ಎಂದು ಬರೆದರೆ ಸಾಕು. ವ್ಯತ್ಯಾಸ 18 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ. ಏರಿಳಿತದ ಕೆರೆಯಂಗಳದಲ್ಲಿ ಬರಿಗಣ್ಣಿಗೆ ಅದು ಕಾಣುವುದಿಲ್ಲ. ಹೀಗೆ ಮಾಡಿದಾಗ ಕೂಲಿಕಾರರಿಗೆ ನಷ್ಟವಿಲ್ಲ, ಅವರು ಸುಮ್ಮನಿರುತ್ತಾರೆ, ನಷ್ಟವಾಗುವುದು ಕೆರೆಗೆ. ಇದನ್ನು ತಡೆಯುವ ಹಳೆಯ ಕ್ರಮ ಒಂದಿದೆ. ಅಗೆಯುವಾಗ ಅಲ್ಲಲ್ಲಿ ಮೂಲ ಮಟ್ಟದ ಮಣ್ಣನ್ನು ಮುಟ್ಟದೆ ಸಣ್ಣ ಗುರುತಿನ ದಿಬ್ಬಗಳಾಗಿ ಬಿಡುವುದು. ಅಳತೆ ಮುಗಿಯುವವರೆಗೆ ಆ ದಿಬ್ಬಗಳನ್ನು ಕೆಡವಬಾರದು. ದಿಬ್ಬದ ನೆತ್ತಿಯಿಂದ ಬುಡಕ್ಕೆ ಟೇಪು ಹಿಡಿದರೆ ಆಳ ಎಷ್ಟೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ದಿಬ್ಬವೇ ಇಲ್ಲದ ಕೆಲಸಕ್ಕೆ ಅಳತೆ ಪುಸ್ತಕದಲ್ಲಿ ಬರೆದ ಆಳವನ್ನು ಒಪ್ಪುವ ಮುನ್ನ ಸದಸ್ಯರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು.

ಇನ್ನು ಹಾಜರಾತಿಯ ವಿಚಾರ. ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೆ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಜರಾತಿ ಹಾಕುವುದು ಕಡ್ಡಾಯವಾಗಿದೆ. ಕಾಯಕ ಬಂಧು ಕೆಲಸದ ಸ್ಥಳದಲ್ಲಿ ಹಾಜರಿ ಹಾಕಿ, ಸಮಯ ಮತ್ತು ಸ್ಥಳದ ಗುರುತಿರುವ ಗುಂಪು ಫೋಟೋವನ್ನು ದಿನಕ್ಕೆ ಎರಡು ಬಾರಿ ಸೇರಿಸಬೇಕು. ಆ್ಯಪ್ ಬಂದ ಮೇಲೆ ಸುಳ್ಳು ಹಾಜರಿ ಸಾಧ್ಯವಿಲ್ಲ ಎಂದು ಹಲವರು ಭಾವಿಸಿದ್ದರು. ಗುಂಪು ಫೋಟೋ ಅಲ್ಲಿ ಜನರಿದ್ದರು ಎಂಬುದನ್ನು ತೋರಿಸುತ್ತದೆ. ಪಟ್ಟಿಯಲ್ಲಿರುವ ಹೆಸರಿನವರೇ ಇದ್ದರು ಎಂಬುದನ್ನು ತೋರಿಸುವುದಿಲ್ಲ. ಹೆಸರನ್ನೂ ಮುಖವನ್ನೂ ಜೋಡಿಸಿ ನೋಡುವ ಕೆಲಸ ಊರಿನ ಮುಖಗಳ ಪರಿಚಯವಿರುವವರಿಂದ ಮಾತ್ರ ಆಗುವಂಥದು. ಈ ದುರುಪಯೋಗಗಳ ಬಗ್ಗೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿ, ಗ್ರಾಮ ಪಂಚಾಯಿತಿ ಹಂತದಲ್ಲಿ ಎಲ್ಲ ಫೋಟೋಗಳನ್ನೂ ಹಾಜರಾತಿಯನ್ನೂ ಪರಿಶೀಲಿಸಬೇಕೆಂದು ಹೇಳಿತು. ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ, ಫೋಟೋದ ಫೋಟೋ, ಬೆಳಿಗ್ಗೆ ಮಧ್ಯಾಹ್ನದ ಚಿತ್ರಗಳಲ್ಲಿ ಬೇರೆ ಬೇರೆ ಜನ, ಒಬ್ಬರೇ ಹಲವು ಪಟ್ಟಿಗಳ ಚಿತ್ರದಲ್ಲಿರುವುದು ಮುಂತಾದವನ್ನು ಆ ಸುತ್ತೋಲೆ ಹೆಸರಿಸಿದೆ.

ಮೇಲೆ ಹೇಳಿದ ಕೆರೆಯಲ್ಲಿ ನಡೆದದ್ದು ಇವುಗಳಲ್ಲಿ ಕೊನೆಯದು. ಇದ್ದವರು 34, ಪಟ್ಟಿಗಳು ಐದು. ಮೊದಲ ಮೂರು ಪಟ್ಟಿಗಳ ಫೋಟೋ ತೆಗೆದ ಮೇಲೆ ನಾಲ್ಕು ಮತ್ತು ಐದನೆಯ ಪಟ್ಟಿಗಳಿಗೆ ಜನ ಸಾಲಲಿಲ್ಲ. ಆಗಲೇ ನಿಂತಿದ್ದವರಲ್ಲಿ ಕೆಲವರನ್ನು ಜಾಗ ಬದಲಿಸಿ ಮತ್ತೆ ನಿಲ್ಲಿಸಲಾಯಿತು. ಒಬ್ಬರು ತಲೆಯ ಟವೆಲನ್ನು ಹೆಗಲಿಗೆ ಹಾಕಿಕೊಂಡಿದ್ದರು, ಅಷ್ಟೇ. ಪ್ರತಿ ಫೋಟೋವನ್ನು ಒಂದೊಂದಾಗಿ ನೋಡಿದವರಿಗೆ ಏನೂ ಅನ್ನಿಸಲಿಲ್ಲ. ಆ ದಿನದ ಐದೂ ಫೋಟೋಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ ಕೂಡಲೇ ಒಂದೇ ಹಸಿರು ಸೀರೆ, ಒಂದೇ ಚೌಕಳಿ ಅಂಗಿ ಮೂರು ಕಡೆ ಕಂಡವು. ಸಮಯದ ಗುರುತು ನಾಲ್ಕೇ ನಿಮಿಷಗಳ ಅಂತರದ್ದು. ಹೀಗಾಗಿ ಫೋಟೋ ಪರಿಶೀಲನೆ ಎಂದರೆ ಒಂದು ದಿನದ ಎಲ್ಲ ಪಟ್ಟಿಗಳ ಚಿತ್ರಗಳನ್ನು ಒಟ್ಟಿಗೆ ನೋಡುವುದು ಎಂದೇ ತಿಳಿಯಬೇಕು. ತಲೆ ಎಣಿಸಿ, ಅದರಲ್ಲಿ ಹೆಂಗಸರೆಷ್ಟು ಗಂಡಸರೆಷ್ಟು ಎಂದು ಪಟ್ಟಿಯೊಂದಿಗೆ ಹೋಲಿಸಬೇಕು. ಪಟ್ಟಿಯಲ್ಲಿ ಏಳು ಹೆಂಗಸರಿದ್ದು ಚಿತ್ರದಲ್ಲಿ ನಾಲ್ವರಿದ್ದರೆ ಹೆಸರು ಕೇಳುವ ಮುನ್ನವೇ ತಪ್ಪು ಸಿಕ್ಕಿದಂತೆ.

ನೆರಳನ್ನೂ ನೋಡುವುದು ಒಳ್ಳೆಯದು. ಬೆಳಿಗ್ಗೆ ನೆರಳು ಪಡುವಣಕ್ಕೆ ಬೀಳುತ್ತದೆ, ಹೊತ್ತು ಇಳಿದ ಮೇಲೆ ಮೂಡಣಕ್ಕೆ. ಏರಿ, ಮರ, ಗುಡಿ ಇಂಥ ಯಾವುದಾದರೂ ಗುರುತು ಹಿಂಬದಿಯಲ್ಲಿದ್ದು, ಎರಡೂ ಹೊತ್ತಿನ ಚಿತ್ರದಲ್ಲಿ ನೆರಳು ಒಂದೇ ಕಡೆಗೆ ಬಿದ್ದಿದ್ದರೆ ಎರಡನೆಯದು ಹಳೆಯ ಚಿತ್ರದಿಂದ ತೆಗೆದದ್ದಿರಬಹುದು. ಪರದೆಯ ಅಂಚು, ಗಾಜಿನ ಮೇಲಿನ ಹೊಳಪು, ಚಿತ್ರದ ತುಂಬ ಸಣ್ಣ ಗೆರೆಗಳು ಕಂಡರೆ ಅದು ಫೋಟೋದ ಫೋಟೋ ಎಂದು ಬಹುಮಟ್ಟಿಗೆ ಹೇಳಬಹುದು. ಈ ಚಿತ್ರಗಳನ್ನು ನೋಡಲು ಕಚೇರಿಯ ಗಣಕಯಂತ್ರವೇ ಬೇಕೆಂದಿಲ್ಲ; ಯೋಜನೆಯ ಜಾಲತಾಣದಲ್ಲಿ ದಿನವಾರು ಹಾಜರಾತಿ ಸಾರ್ವಜನಿಕರಿಗೂ ತೆರೆದಿದೆ, ಸದಸ್ಯರು ತಮ್ಮ ಫೋನಿನಲ್ಲೇ ನೋಡಬಹುದು.

ಫೋಟೋಕ್ಕಿಂತ ಹೆಚ್ಚು ಹೇಳುವುದು ಕೆಲವೊಮ್ಮೆ ಪಟ್ಟಿಯ ಒಂದು ಸಾಲು. ನಿಜವಾಗಿ ದುಡಿಯುವ ಜನರ ಹಾಜರಿಯಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ. ಸಂತೆಯ ದಿನ ಇಬ್ಬರು ಬರುವುದಿಲ್ಲ, ಒಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ಹಸು ಕರು ಹಾಕಿರುತ್ತದೆ, ಊರಿನಲ್ಲಿ ಸಾವಾದರೆ ಒಂದು ಕೇರಿಯೇ ಬರುವುದಿಲ್ಲ. ಕೆರೆಯ ಪಟ್ಟಿಯಲ್ಲಿ ಆ ವಾರ ಇದ್ದ ನಾಲ್ಕು ಗೈರುಹಾಜರಿಗಳೂ ನಿಜವಾಗಿ ಬಂದ 34 ಮಂದಿಯವು. ಬಾರದ ಹನ್ನೆರಡು ಮಂದಿ ಆರೂ ದಿನ ತಪ್ಪದೆ "ಬಂದಿದ್ದರು". ಬಾರದವರಿಗೆ ಜ್ವರ ಬರುವುದಿಲ್ಲ, ಸಂತೆಯೂ ಇರುವುದಿಲ್ಲ. ಒಂದು ಪಟ್ಟಿಯಲ್ಲಿ ವಾರವಾರವೂ ಪೂರ್ತಿ ಹಾಜರಿರುವ ಹೆಸರುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಅವರನ್ನು ಮೊದಲು ವಿಚಾರಿಸುವುದು ಕಡಿಮೆ ಶ್ರಮದ ದಾರಿ. ಪೂರ್ತಿ ಹಾಜರಿಯೇ ಅಪರಾಧವಲ್ಲ, ಕಷ್ಟದಲ್ಲಿರುವ ಮನೆಯವರು ಒಂದು ದಿನವೂ ಬಿಡದೆ ಬರುತ್ತಾರೆ; ವಿಚಾರಿಸಲು ಎಲ್ಲಿಂದ ತೊಡಗಬೇಕೆಂಬುದನ್ನಷ್ಟೇ ಅದು ತಿಳಿಸುತ್ತದೆ.

ಸ್ಥಳ ಭೇಟಿಯ ಕ್ರಮವನ್ನೂ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಇದರಲ್ಲೇ ಹೆಚ್ಚಿನ ಭೇಟಿಗಳು ವ್ಯರ್ಥವಾಗುತ್ತವೆ. ಸದಸ್ಯರು ಬರುತ್ತಾರೆಂದು ಹಿಂದಿನ ರಾತ್ರಿಯೇ ಗೊತ್ತಿದ್ದರೆ ಅಂದು ಎಲ್ಲರೂ ಇರುತ್ತಾರೆ. ಬೆಳಿಗ್ಗೆ ಫೋಟೋ ತೆಗೆಯುವ ಹೊತ್ತಿಗೆ ಹೋದರೂ ಹಾಗೆಯೇ. ಎರಡು ಫೋಟೋಗಳ ನಡುವಿನ ಹೊತ್ತಿನಲ್ಲಿ ಹೋಗಬೇಕು. ಮೊದಲು ತಲೆ ಎಣಿಸಿ ಸಂಖ್ಯೆಯನ್ನು ಬರೆದುಕೊಳ್ಳಬೇಕು, ಆಮೇಲೆ ಪಟ್ಟಿ ತೆಗೆದು ಹೆಸರು ಕೂಗಬೇಕು. ಈ ಅನುಕ್ರಮ ತಿರುಗಿದರೆ, ಹೆಸರು ಕೂಗುವಷ್ಟರಲ್ಲಿ ಫೋನು ಹೋಗಿ ತೋಟದ ಕಡೆಯಿಂದ ಜನ ಬಂದು ಸೇರಿಕೊಳ್ಳುತ್ತಾರೆ. ಹೆಸರು ಕೂಗಿದಾಗ ಉತ್ತರ ಕೊಡುವವರಿಗೆ ಗಂಡನ ಅಥವಾ ತಂದೆಯ ಹೆಸರು ಕೇಳಿದರೆ ಸಾಕು. ಬದಲಿಗೆ ಬಂದವರು ಅಲ್ಲಿ ತಡವರಿಸುತ್ತಾರೆ. ಇದನ್ನು ಪೊಲೀಸು ವಿಚಾರಣೆಯಂತೆ ಮಾಡುವ ಅಗತ್ಯವಿಲ್ಲ, ಊರಿನವರು ಊರಿನವರನ್ನು ಮಾತನಾಡಿಸುವ ಹಾಗೆಯೇ ಇರಲಿ. ಕೊನೆಗೆ ಬಂದವರೆಷ್ಟು, ಬಾರದವರು ಯಾರು ಎಂದು ಮಹಜರು ಬರೆದು, ಅಲ್ಲಿದ್ದ ಇಬ್ಬರು ಕೂಲಿಕಾರರ ಹಾಗೂ ಕಾಯಕ ಬಂಧುವಿನ ಸಹಿ ಪಡೆಯಬೇಕು. ಮಹಜರಿಲ್ಲದೆ ಪಟ್ಟಿಯಿಂದ ಹಾಜರಿ ಇಳಿಸಿದರೆ ಮುಂದೆ ಅದು ಒಬ್ಬರ ಮಾತಿನ ಎದುರು ಇನ್ನೊಬ್ಬರ ಮಾತಾಗಿ ಉಳಿಯುತ್ತದೆ.

ಕೆರೆಯಂಗಳದಲ್ಲಿ ಅಂದು ಹೆಸರು ಕೂಗಿದಾಗ ಸದಸ್ಯೆಯವರು ನಿರೀಕ್ಷಿಸದ ಸಂಗತಿಯೊಂದು ಹೊರಬಂತು. ಇದ್ದ 34 ಮಂದಿಯಲ್ಲಿ ಮೂವರು ತಮ್ಮ ಹೆಸರಿಗೆ ಉತ್ತರ ಕೊಟ್ಟವರಲ್ಲ. ಒಬ್ಬಾಕೆ ಮಾವನ ಹೆಸರಿಗೆ, ಇನ್ನೊಬ್ಬಾಕೆ ಅತ್ತೆಯ ಹೆಸರಿಗೆ, ಒಬ್ಬ ಹುಡುಗ ಅಣ್ಣನ ಹೆಸರಿಗೆ ಬಂದಿದ್ದರು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರ ಹೆಸರು ಉದ್ಯೋಗ ಚೀಟಿಗೆ ಸೇರಿರಲಿಲ್ಲ. ಹುಡುಗನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿದ್ದರೂ ಅರ್ಜಿ ಕಚೇರಿಯಲ್ಲೇ ಇತ್ತು. ಕಾಗದದ ಮೇಲೆ ಈ ಮೂವರದೂ ಬದಲಿ ಹಾಜರಿಯೇ. ಆದರೆ ಇವರು ಮಣ್ಣು ಹೊತ್ತಿದ್ದರು, ಯಾರ ಪಾಲನ್ನೂ ತಿಂದಿರಲಿಲ್ಲ. ಇಂಥವರನ್ನು ಆ ಹನ್ನೆರಡು ಮಂದಿಯ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಅಲ್ಲಿ ತಪ್ಪು ಕಚೇರಿಯದು, ಪರಿಹಾರವೂ ಕಚೇರಿಯಲ್ಲೇ: ಚೀಟಿಗೆ ಹೆಸರು ಸೇರಿಸಿ ಅವರವರ ಹೆಸರಿನಲ್ಲೇ ಕೆಲಸ ಕೊಡುವುದು. ಬದಲಿ ಹಾಜರಿ ಹೆಚ್ಚಿರುವ ಊರಿನಲ್ಲಿ ಬಾಕಿ ಉಳಿದ ಹೆಸರು ಸೇರ್ಪಡೆ ಅರ್ಜಿಗಳೆಷ್ಟು ಎಂದು ಮೊದಲು ನೋಡುವುದು ಒಳ್ಳೆಯದು.

ಹನ್ನೆರಡು ಮಂದಿಯಲ್ಲಿ ಎಂಟು ಜನ ಬೆಂಗಳೂರಿನಲ್ಲಿ ಕೆಲಸಕ್ಕಿದ್ದವರು. ನಾಲ್ವರು ಊರಿನಲ್ಲೇ ಇದ್ದು, ಅಂಗಡಿ, ಟ್ರ್ಯಾಕ್ಟರ್ ಎಂದು ತಮ್ಮ ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಕೂಲಿ ನೇರವಾಗಿ ಅವರ ಖಾತೆಗೇ ಹೋಗುವುದರಿಂದ ಅರ್ಧವನ್ನು ಹಿಂದಿರುಗಿಸುವ ಒಪ್ಪಂದವಾಗಿತ್ತು. ಕಾಯಕ ಬಂಧುವನ್ನು ಕೇಳಿದಾಗ ಆಕೆ ಅತ್ತುಬಿಟ್ಟರು. ಹೆಸರುಗಳನ್ನು ಕೊಟ್ಟವರು ಊರಿನ ಪ್ರಮುಖರೊಬ್ಬರು; ಒಪ್ಪದಿದ್ದರೆ ಕೆಲಸವೇ ಇರುವುದಿಲ್ಲ ಎಂದಿದ್ದರಂತೆ. ಇದರಲ್ಲಿ ವ್ಯವಸ್ಥೆಯ ದೋಷವೂ ಇದೆ. ಕಾಯಕ ಬಂಧುವಿನ ಪ್ರೋತ್ಸಾಹಧನ ಹಾಜರಾದ ಕೂಲಿಕಾರರ ಸಂಖ್ಯೆಯ ಮೇಲೆ ನಿಂತಿದೆ. ತಲೆ ಹೆಚ್ಚಿದಷ್ಟೂ ಆಕೆಗೆ ಹಣ ಹೆಚ್ಚು. ಹಾಜರಿ ಹಾಕುವವರೇ ಹಾಜರಿಯಿಂದ ಲಾಭ ಪಡೆಯುವಲ್ಲಿ ಎರಡನೆಯ ಕಣ್ಣೊಂದು ಬೇಕೇ ಬೇಕು. ಒಂದೇ ಕಾಮಗಾರಿಗೆ ಒಬ್ಬರೇ ಕಾಯಕ ಬಂಧು ತಿಂಗಳುಗಟ್ಟಲೆ ಇರದಂತೆ ಸರದಿ ಮಾಡುವುದರಿಂದ ಬಹಳ ವ್ಯತ್ಯಾಸವಾಗುತ್ತದೆ, ಏಕೆಂದರೆ ಮುಂದಿನ ವಾರ ಬರುವವರು ಹಿಂದಿನ ವಾರದ ಹೆಸರುಗಳನ್ನು ನೋಡುತ್ತಾರೆಂಬ ಎಚ್ಚರ ಇರುತ್ತದೆ. ಸದಸ್ಯರ ಸಂಬಂಧಿಕರೇ ಕಾಯಕ ಬಂಧುವಾಗಿರುವಲ್ಲಿ ಆ ಸದಸ್ಯರು ಬೇರೆ ವಾರ್ಡಿನ ಕಾಮಗಾರಿಯನ್ನು ನೋಡಿ, ಅವರ ವಾರ್ಡನ್ನು ಇನ್ನೊಬ್ಬರು ನೋಡುವುದು ಮೇಲು. ತಮ್ಮ ವಾರ್ಡಿನ ಮತದಾರರ ಹೆಸರನ್ನು ತಾವೇ ಹೊಡೆದುಹಾಕುವುದು ಎಷ್ಟು ಕಷ್ಟವೆಂದು ಇಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಮಧ್ಯಾಹ್ನದ ಫೋಟೋ ಇಲ್ಲವೆಂದ ಮಾತ್ರಕ್ಕೆ ಮೋಸ ನಡೆದಿದೆ ಎಂದಲ್ಲ. ಗುಡ್ಡದ ಮರೆಯ ಕಾಮಗಾರಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಫೋನು ಕೈಕೊಡುತ್ತದೆ, ತೆಗೆದ ಚಿತ್ರ ಮೇಲೇರುವುದಿಲ್ಲ. ಅಂಥ ದಿನ ಪಟ್ಟಿಯ ಎಲ್ಲರನ್ನೂ ಗೈರು ಎಂದು ಬರೆದು ಕೈತೊಳೆದುಕೊಂಡರೆ ದುಡಿದವರ ಕೂಲಿ ಹೋಗುತ್ತದೆ. ಸುಳ್ಳು ಹಾಜರಿ ಮಾಡುವ ಅನ್ಯಾಯವನ್ನೇ ಪರಿಶೀಲನೆಯೂ ಮಾಡಿದಂತಾಗುತ್ತದೆ. ಆ ದಿನ ಜನ ಬಂದಿದ್ದರೇ ಎಂದು ಸ್ಥಳದಲ್ಲೇ ಕೇಳಿ, ಆ ವಾರದ ಅಳತೆಯೊಂದಿಗೆ ಹೊಂದಿಸಿ ನೋಡಿ, ಬಂದಿದ್ದರೆ ಕಾರಣ ಸಹಿತ ಮೇಲಿನ ಅಧಿಕಾರಿಗಳಿಗೆ ಅದೇ ದಿನ ಬರೆಯಬೇಕು. ತಲಾ ಪ್ರಮಾಣ ಸರಿಯಾಗಿದ್ದು ಫೋಟೋ ಮಾತ್ರ ಇಲ್ಲದಿದ್ದರೆ ತಪ್ಪು ಫೋನಿನದಾಗಿರುವ ಸಂಭವವೇ ಹೆಚ್ಚು. ಫೋಟೋ ಚೆನ್ನಾಗಿದ್ದು ತಲಾ ಪ್ರಮಾಣ ಕುಸಿದಿದ್ದರೆ ಅನುಮಾನಕ್ಕೆ ಆಸ್ಪದವಿದೆ.

ಯಂತ್ರದ ವಿಚಾರ ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕಾದರೂ ಒಂದೆರಡು ಮಾತು. ಈ ಯೋಜನೆಯಲ್ಲಿ ಗುತ್ತಿಗೆದಾರರಿಗೂ, ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳಿಗೂ ಅವಕಾಶವಿಲ್ಲ. ರಾತ್ರಿ ಜೆಸಿಬಿ ಅಗೆದು ಹೋದಲ್ಲಿ ತಲಾ ಪ್ರಮಾಣ ತಾನಾಗಿಯೇ ಸರಿಹೊಂದಿಬಿಡುತ್ತದೆ, ಮೇಲಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ನೋಡಬೇಕಾದದ್ದು ಅಗೆದ ಬದಿಯ ಗೋಡೆಯನ್ನು. ಗುದ್ದಲಿಯ ಕಚ್ಚು ಚಿಕ್ಕದು, ದಿಕ್ಕಿಗೊಂದು. ಬಕೆಟಿನ ಹಲ್ಲುಗಳು ಸಮಾನಾಂತರವಾಗಿ ಉದ್ದನೆಯ ಗೆರೆ ಎಳೆದಿರುತ್ತವೆ.

ಇವೆಲ್ಲ ಪರಿಶೀಲನೆಗಳೂ ಕೂಲಿ ಪಾವತಿಯ ಆದೇಶ ಹೊರಡುವ ಮುನ್ನ ಆಗಬೇಕು. ಎನ್‌ಎಂಆರ್ ಮುಗಿದ ದಿನದಿಂದ ಹದಿನೈದು ದಿನಗಳೊಳಗೆ ಕೂಲಿ ಸೇರಬೇಕೆಂಬ ನಿಯಮವಿರುವುದರಿಂದ, ಪರಿಶೀಲನೆಯ ನೆಪದಲ್ಲಿ ಪಟ್ಟಿಯನ್ನು ಕಟ್ಟಿ ಇಡುವಂತಿಲ್ಲ. ಕೆರೆಯ ಪಂಚಾಯಿತಿಯಲ್ಲಿ ಒಂದು ಸರಳ ವಾಡಿಕೆ ಆಮೇಲೆ ಬೆಳೆಯಿತು. ಶನಿವಾರ ಕೆಲಸ ಬಿಡುವ ಹೊತ್ತಿಗೆ ಕೆಲಸದ ಸ್ಥಳದಲ್ಲೇ ಆ ವಾರದ ಪಟ್ಟಿಯನ್ನು ಹೆಸರು ಮತ್ತು ದಿನಗಳ ಸಮೇತ ಗಟ್ಟಿಯಾಗಿ ಓದಲಾಗುತ್ತದೆ. ಪಟ್ಟಿ ನೋಡುವ ಹಕ್ಕು ಎಲ್ಲರಿಗೂ ಇದೆಯಾದರೂ ಕಚೇರಿಗೆ ಬಂದು ಕೇಳುವವರು ಇಲ್ಲ. ಓದಿದರೆ ಕೇಳದವರು ಇಲ್ಲ. ತಮ್ಮ ಪಾಲಿಗೆ ಕೈ ಹಾಕುವ ಹೆಸರು ಯಾವುದೆಂದು ಗುದ್ದಲಿ ಹಿಡಿದವರಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ.

ಹೂಳೆತ್ತಿದ ಆ ವಾರದ ಪಟ್ಟಿ ಇನ್ನೂ ಅನುಮೋದನೆಯಾಗಿರಲಿಲ್ಲವಾದ್ದರಿಂದ ಮಹಜರು ಮತ್ತು ಹೇಳಿಕೆಗಳ ಆಧಾರದಲ್ಲಿ ಹನ್ನೆರಡು ಹೆಸರುಗಳ 72 ದಿನಗಳನ್ನು ಇಳಿಸಲಾಯಿತು. ಉಳಿದವರಿಗೆ ₹370ರಂತೆ ಪೂರ್ತಿ ಕೂಲಿ ಬಂತು. ಅಲ್ಲಿಂದ ಎರಡನೆಯ ವಾರ ಪಟ್ಟಿ ಓದಿದಾಗ 33 ಹೆಸರುಗಳಿದ್ದವು. ಒಂಬತ್ತು ಕಡೆ ಗೈರುಹಾಜರಿ ಇತ್ತು, ಅದರಲ್ಲಿ ಐದು ಸಂತೆಯ ದಿನದ್ದು. ಸೊಸೆಯರಿಬ್ಬರೂ ತಮ್ಮ ಹೆಸರು ಕೂಗಿದಾಗ ಓಗೊಟ್ಟರು. ಹುಡುಗನ ಚೀಟಿ ಆ ಸೋಮವಾರವಷ್ಟೇ ಕೈಸೇರಿತ್ತು.